ಮಾಕ್ ಟೆಸ್ಟ್ ಅಂಕ ಹೀಗೆ ತಾಳೆಯಾಯಿತು

ಧಾರವಾಡದ ಸಪ್ತಾಪುರದ ರೂಮಿನಲ್ಲಿ ನನ್ನ ಒಂದೇ ಓಎಂಆರ್ ಪ್ರತಿಗೆ ಎರಡು ಮೊತ್ತ ಬಂತು: ನನ್ನದು 103, ಗೆಳೆಯನದು 110.5.

ನೂರು ಪ್ರಶ್ನೆ, ಸರಿಯಾದರೆ 2 ಅಂಕ, ತಪ್ಪಿಗೆ 'ನಾಲ್ಕನೇ ಒಂದು ಭಾಗ' ಕಡಿತ. ಅವನು ತಪ್ಪಿಗೆ 0.25 ಕಳೆದಿದ್ದ. ಸೂಚನೆ ಓದಿದೆವು: ಆ ಪ್ರಶ್ನೆಯ ಅಂಕದ ನಾಲ್ಕನೇ ಒಂದು ಭಾಗ, ಅಂದರೆ 0.5.

ವಿಭಾಗವಾರು ಸರಿ, ತಪ್ಪು, ಖಾಲಿ ಬರೆದೆವು. ಮೂರೂ ಕೂಡಿದರೆ ಆ ವಿಭಾಗದ ಪ್ರಶ್ನೆಗಳಷ್ಟೇ ಬರಬೇಕು, ಅಲ್ವಾ? ಸಾಮಾನ್ಯ ಜ್ಞಾನದ 40ರಲ್ಲಿ 24, 12, 4. ಹಾಗಾಗಿ 48ರಲ್ಲಿ 6 ಹೋಗಿ 42. ಕನ್ನಡ 47. ಮಾನಸಿಕ ಸಾಮರ್ಥ್ಯ ಬರೀ 14, ಅಲ್ಲೇ ಊಹೆ ಜಾಸ್ತಿ. ಒಟ್ಟು 103.

ಕೀ ಉತ್ತರದಲ್ಲಿ ಒಂದು ಪ್ರಶ್ನೆ ಅನುಮಾನವಿತ್ತು. ತಪ್ಪೆಂದು ಎಣಿಸಿದ್ದು ಸರಿಯಾದರೆ ಏರುವುದು 2 ಅಲ್ಲ, 2.5. ಕಡಿತವೂ ವಾಪಸ್ ಬರುತ್ತದೆ. ಅದಕ್ಕೇ ಅಂದಾಜನ್ನು 103ರಿಂದ 105.5 ಎಂದು ಬರೆದಿಟ್ಟೆ.