ಅರ್ಧ ಬೀಮ್‌ಗೆ ಮಾತ್ರ ಯುಡಿಎಲ್ ಇದ್ದರೆ: ನನ್ನ ಅನುಭವ

ಸಿಂಪ್ಲಿ ಸಪೋರ್ಟೆಡ್ ಬೀಮ್ ಪೂರ್ತಿ ಯುಡಿಎಲ್, ಅಂದರೆ ಸಮವಾಗಿ ಹಂಚಿದ ಭಾರ, ಇದ್ದರೆ ಗರಿಷ್ಠ ಮೊಮೆಂಟ್ ನಡುವೆಯೇ ಬರುತ್ತದೆ, ತಲೆನೋವಿಲ್ಲ. ಅರ್ಧಕ್ಕೆ ಮಾತ್ರ ಇದ್ದಾಗ ಅದು ಎಲ್ಲಿ ಬರುತ್ತದೆ ಎಂಬುದೇ ನನ್ನನ್ನು ಕಾಡುತ್ತಿತ್ತು. ಮೊದಲು ಶಿಯರ್ ಚಿತ್ರ ಮುಗಿಸಿ, ಅದರಿಂದಲೇ ಮೊಮೆಂಟ್ ತೆಗೆಯುವ ಅಭ್ಯಾಸ ಮಾಡಿಕೊಂಡ ಮೇಲೆ ಸಮಸ್ಯೆ ಬಗೆಹರಿಯಿತು.

6 ಮೀಟರ್‌ನ ಸಿಂಪ್ಲಿ ಸಪೋರ್ಟೆಡ್ ಬೀಮ್ ತಗೊಳ್ಳಿ. ಎಡಗಡೆಯ 3 ಮೀಟರ್ ಮೇಲೆ ಮಾತ್ರ 10 kN/m ಭಾರ. ಒಟ್ಟು 30 kN, ಅದು ಎಡ ಆಧಾರದಿಂದ 1.5 ಮೀಟರ್‌ನಲ್ಲಿ ಕೂತಿದೆ ಎಂದುಕೊಂಡು ಎಡ ಆಧಾರದ ರಿಯಾಕ್ಷನ್ RA, ಬಲ ಆಧಾರದ ರಿಯಾಕ್ಷನ್ RB ಹುಡುಕಬೇಕು:

```
RB = 30 × 1.5 / 6 = 7.5 kN
RA = 30 − 7.5 = 22.5 kN
```

ಶಿಯರ್ +22.5ರಿಂದ ಓರೆಯಾಗಿ ಇಳಿದು 3 ಮೀಟರ್‌ನಲ್ಲಿ −7.5 ಆಗುತ್ತದೆ. ಅಲ್ಲಿಂದ ಬಲ ತುದಿಯವರೆಗೆ ಸಮತಟ್ಟು. ಅದು ಸೊನ್ನೆ ದಾಟುವುದು 22.5/10 = 2.25 ಮೀಟರ್‌ನಲ್ಲಿ. ಗರಿಷ್ಠ ಮೊಮೆಂಟ್ ಇರುವುದು ಅಲ್ಲೇ, ನಡುವೆ ಅಲ್ಲ. ಅಲ್ಲಿವರೆಗಿನ ಶಿಯರ್ ತ್ರಿಕೋನದ ವಿಸ್ತೀರ್ಣವೇ ಅದರ ಬೆಲೆ:

```
Mmax = ½ × 22.5 × 2.25 ≈ 25.31 kN·m
```

ನಡುವೆ, ಅಂದರೆ 3 ಮೀಟರ್‌ನಲ್ಲಿ, ಬಲಗಡೆಯಿಂದ ಲೆಕ್ಕ ಹಾಕಿದರೆ 7.5 × 3 = 22.5 kN·m. ಎಡದಿಂದ ಬಂದರೂ ಅಷ್ಟೇ ಸಿಗಬೇಕು: 22.5 × 3 − 10 × 3²/2 = 22.5. ಇವೆರಡು ಹೊಂದದಿದ್ದರೆ ಸುಮ್ನೆ ಮುಂದೆ ಹೋಗಬೇಡಿ, ಮೊದಲು ರಿಯಾಕ್ಷನ್ ನೋಡಿ. ಭಾರವಿರುವ ಕಡೆ ಮೊಮೆಂಟ್ ಗೆರೆ ಪ್ಯಾರಾಬೋಲ, ಆಮೇಲೆ ಬಲ ಆಧಾರದ ಸೊನ್ನೆಯವರೆಗೆ ನೇರ ಗೆರೆ. ಭಾರ ಮುಗಿಯುವ ಜಾಗದಲ್ಲಿ ಪಾಯಿಂಟ್ ಲೋಡ್ ಇಲ್ಲ, ಹಾಗಾಗಿ ಅಲ್ಲಿ ಮೂಲೆ ಬರಬಾರದು. ಮೂಲೆ ಕಂಡರೆ ಚಿತ್ರ ತಪ್ಪು.