ಬಾಣಲೆಯಲ್ಲಿ ಕಾಫಿ ಬೀಜ ಹುರಿಯುವುದು: ಹಳದಿಯವರೆಗೆ ಬಣ್ಣ, ಆಮೇಲೆ ಸದ್ದು

ಹಸಿರು ಕಾಫಿ ಬೀಜವನ್ನು ಬಾಣಲೆಯಲ್ಲಿ ಹುರಿಯುವಾಗ ಶಾಖವೆಲ್ಲ ತಳದಿಂದಲೇ ಬರುತ್ತದೆ. ತಳಕ್ಕೆ ತಾಗಿದ ಮೈ ಕಂದುಬಣ್ಣಕ್ಕೆ ತಿರುಗಿದ್ದರೂ ಬೀಜದ ನಡುಭಾಗ ಇನ್ನೂ ಹಸಿಯಾಗಿಯೇ ಇರಬಹುದು. ಆದ್ದರಿಂದ ಬೀಜ ಹಳದಿಯಾಗುವವರೆಗೆ ನಾನು ಬಣ್ಣವನ್ನೂ ವಾಸನೆಯನ್ನೂ ಗಮನಿಸುತ್ತೇನೆ, ಅಲ್ಲಿಂದ ಮುಂದಕ್ಕೆ ಸದ್ದನ್ನೇ ಹೆಚ್ಚು ನಂಬುತ್ತೇನೆ. 150 ಗ್ರಾಂ ಅರೇಬಿಕಾ ಬೀಜವನ್ನು ಮಧ್ಯಮ ಹದಕ್ಕೆ ನಾನು ಹುರಿಯುವ ರೀತಿಯನ್ನು ಇಲ್ಲಿ ವಿವರಿಸುತ್ತೇನೆ.

ನಾನು ಬಳಸುವುದು ಸುಮಾರು 25 ಸೆಂಟಿಮೀಟರ್ ಅಗಲದ, ದಪ್ಪ ತಳದ ಕಬ್ಬಿಣದ ಬಾಣಲೆ. ಬೀಜ ಹಾಕಿದ ಕೂಡಲೇ ತಣ್ಣಗಾಗದಷ್ಟು ಶಾಖವನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ನಾನ್‌ಸ್ಟಿಕ್ ಬಾಣಲೆಯನ್ನು ಖಾಲಿಯಾಗಿ ಅಷ್ಟು ಕಾಯಿಸಿದರೆ ಅದರ ಲೇಪ ಹಾಳಾಗುವುದರಿಂದ ಈ ಕೆಲಸಕ್ಕೆ ಅದು ಬೇಡ. ಬೀಜದ ರಾಶಿ ಎರಡು ಪದರಕ್ಕಿಂತ ಹೆಚ್ಚಾದರೆ ಮೇಲಿನ ಬೀಜಗಳಿಗೆ ಶಾಖ ತಲುಪುವುದಿಲ್ಲ, ಹಾಗಾಗಿ ಈ ಅಗಲಕ್ಕೆ 150 ಗ್ರಾಂ ಮೀರುವುದಿಲ್ಲ. ಒಡೆದ ಚೂರುಗಳು ಬೇಗ ಸೀದು ಇಡೀ ಹುರಿತಕ್ಕೆ ಕಮಟು ಹತ್ತಿಸುತ್ತವೆ. ಅವುಗಳನ್ನೂ ಹುಳು ಕೊರೆದ ಬೀಜಗಳನ್ನೂ ಮೊದಲೇ ಆರಿಸಿ ತೆಗೆಯುತ್ತೇನೆ.

ಬಾಣಲೆಯನ್ನು ಮಧ್ಯಮ ಉರಿಯಲ್ಲಿ ನಾಲ್ಕೈದು ನಿಮಿಷ ಕಾಯಿಸುತ್ತೇನೆ. ಒಂದು ಹನಿ ನೀರು ಬಿಟ್ಟಾಗ ಅದು ಹರಡಿ ಆರದೆ, ಗುಂಡಾಗಿ ತಳದ ಮೇಲೆ ಓಡಾಡಿದರೆ ಬೇಕಾದ ಕಾವು ಬಂದಿದೆ ಎಂದು ತಿಳಿಯಬಹುದು. ಆ ಹನಿ ಪೂರ್ತಿ ಆರಿದ ಮೇಲೆ ಬೀಜ ಸುರಿದು, ಅದೇ ಕ್ಷಣದಿಂದ ಕೈಯಾಡಿಸಲು ತೊಡಗುತ್ತೇನೆ. ಸುಮ್ಮನೆ ಸುತ್ತ ತಿರುಗಿಸಿದರೆ ಬೀಜಗಳು ಒಂದೇ ಮಗ್ಗುಲಲ್ಲಿ ಜಾರುತ್ತಾ ಹೋಗುತ್ತವೆ, ಮಗುಚಿಕೊಳ್ಳುವುದಿಲ್ಲ. ಅಂಚಿನ ಬೀಜವನ್ನು ನಡುವಿಗೆ ಎಳೆದು, ನಡುವಿನದನ್ನು ಅಡಿಯಿಂದ ಎತ್ತಿ ಅಂಚಿಗೆ ಮಗುಚಬೇಕು, ಮತ್ತು ಈ ಕೈಚಲನೆ ಕೊನೆಯವರೆಗೂ ನಿಲ್ಲಬಾರದು. ಇದಕ್ಕೆ ಚಪ್ಪಟೆ ತುದಿಯ ಮರದ ಸಟ್ಟುಗವೇ ಆಗಬೇಕು. ಲೋಹದ್ದಾದರೆ ಅದು ಬಾಣಲೆಯನ್ನು ಕೆರೆಯುವ ಸದ್ದಿನಲ್ಲಿ ಮುಂದೆ ಕೇಳಿಸಿಕೊಳ್ಳಬೇಕಾದ ಸಿಡಿತ ಮುಳುಗಿಹೋಗುತ್ತದೆ.

ಹಸಿರು ಬೀಜದಲ್ಲಿ ಸಾಮಾನ್ಯವಾಗಿ ಶೇಕಡಾ 10ರಿಂದ 12ರಷ್ಟು ನೀರಿರುತ್ತದೆ. ಮೊದಲ ನಾಲ್ಕೈದು ನಿಮಿಷದ ಶಾಖ ಬಹುಮಟ್ಟಿಗೆ ಈ ನೀರನ್ನು ಹೊರಹಾಕುವುದರಲ್ಲೇ ಕಳೆಯುತ್ತದೆ. ಹಸಿರು ಮಾಸಿ, ಬಿಳಿಚಿಕೊಂಡು, ನಿಧಾನವಾಗಿ ಹಳದಿಗೆ ತಿರುಗುತ್ತದೆ, ಒದ್ದೆ ಹುಲ್ಲಿನ ವಾಸನೆ ಹೋಗಿ ಒಣಹುಲ್ಲಿನ ವಾಸನೆ, ಅದರ ಹಿಂದೆಯೇ ಹುರಿದ ಧಾನ್ಯದ ವಾಸನೆ ಬರುತ್ತದೆ. ಏನೂ ಆಗುತ್ತಿಲ್ಲವೆಂದು ಉರಿ ಹೆಚ್ಚಿಸುವ ಆತುರ ಹುಟ್ಟುವುದು ಈ ಹಂತದಲ್ಲೇ, ಅದನ್ನು ತಡೆದುಕೊಳ್ಳಬೇಕು. ಉಳಿದ ಮೈ ಇನ್ನೂ ಹಸಿರಾಗಿರುವಾಗಲೇ ಬೀಜದ ಚಪ್ಪಟೆ ಮಗ್ಗುಲಲ್ಲಿ ಕಂದು ಚುಕ್ಕೆಗಳು ಕಂಡರೆ ತಳ ಹೆಚ್ಚು ಕಾದಿದೆ ಎಂದೇ ಅರ್ಥ. ಆಗ ಬಾಣಲೆಯನ್ನು ಒಲೆಯಿಂದ ಎತ್ತಿ ಹಿಡಿದು, ಕೈಯಾಡಿಸುತ್ತಲೇ ಉರಿಯನ್ನು ಸ್ವಲ್ಪ ತಗ್ಗಿಸುತ್ತೇನೆ.

ಎಲ್ಲ ಬೀಜವೂ ಒಂದೇ ಸಮನೆ ಹಳದಿಯಾದ ಮೇಲೆ ಉರಿಯನ್ನು ತುಸು ಏರಿಸುತ್ತೇನೆ. ಇಲ್ಲಿ ಶಾಖ ಸಾಲದೆ ಬೀಜ ಬಹಳ ಹೊತ್ತು ಒಂದೇ ಬಣ್ಣದಲ್ಲಿ ನಿಂತುಬಿಟ್ಟರೆ ನೋಡಲು ಅಂದವಾಗಿದ್ದರೂ ಕಾಫಿ ಸಪ್ಪೆಯಾಗುತ್ತದೆ. ಮುಂದಿನ ನಾಲ್ಕು ನಿಮಿಷಗಳಲ್ಲಿ ಹಳದಿ ತಿಳಿಕಂದಾಗುತ್ತದೆ, ಮೈ ಸುಕ್ಕುಗಟ್ಟುತ್ತದೆ, ಬೀಜಕ್ಕೆ ಅಂಟಿಕೊಂಡಿದ್ದ ತೆಳು ಬೆಳ್ಳಿಪೊರೆ ಹೊಟ್ಟಾಗಿ ಉದುರುತ್ತದೆ. ತಳದಲ್ಲಿ ಉಳಿದ ಹೊಟ್ಟು ಸುಟ್ಟು ಹೊಗೆಯಾಡುವುದರಿಂದ ಕಿಟಕಿ ತೆರೆದಿಟ್ಟು, ಬಾಣಲೆಯನ್ನು ಕುಲುಕುತ್ತಾ ಅದನ್ನು ಮೆಲ್ಲನೆ ಊದಿ ತೆಗೆಯುತ್ತೇನೆ. ಹೊಗೆ ಎಳೆಯುವ ಫ್ಯಾನು ಬೇಕೇ ಬೇಕು, ಆದರೆ ಕಡಿಮೆ ವೇಗದಲ್ಲಿರಲಿ, ಏಕೆಂದರೆ ಇನ್ನು ಮುಂದಿನ ಕೆಲಸ ಕಿವಿಯದು.

ಬೀಜದ ಒಳಗಿನ ತಾಪ ಸುಮಾರು 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ, ಒಳಗೆ ಸಿಕ್ಕಿಕೊಂಡ ಆವಿ ಮತ್ತು ಅನಿಲದ ಒತ್ತಡಕ್ಕೆ ಬೀಜ ಹಿಗ್ಗಿ ಬಿರಿಯುತ್ತದೆ. ಇದೇ ಮೊದಲ ಸಿಡಿತ. ಒಣ ಕಡ್ಡಿ ಮುರಿದಂತೆ ಗಟ್ಟಿಯಾಗಿ, ಬಿಡಿಬಿಡಿಯಾಗಿ ಕೇಳುತ್ತದೆ. ಬಾಣಲೆಯಲ್ಲಿ ಹೆಚ್ಚು ಕಾದ ಒಂದೆರಡು ಬೀಜಗಳು ಮುಂಚೆಯೇ ಸಿಡಿಯುವುದುಂಟು. ಅವುಗಳನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಮೂರು ನಾಲ್ಕು ಸಿಡಿತಗಳು ಒಂದರ ಹಿಂದೆ ಒಂದು ಬಂದಾಗ ಮಾತ್ರ ಗಡಿಯಾರ ನೋಡಿಕೊಳ್ಳುತ್ತೇನೆ. ಈ ಅಳತೆಗೆ ಅದು ಒಂಬತ್ತನೆಯ ಅಥವಾ ಹತ್ತನೆಯ ನಿಮಿಷದಲ್ಲಿ ಬರುತ್ತದೆ. ಅಷ್ಟರಲ್ಲಿ ಬಾಣಲೆಯೂ ಬೀಜವೂ ಚೆನ್ನಾಗಿ ಕಾದಿರುವುದರಿಂದ ಹುರಿತ ತಾನಾಗಿಯೇ ಓಡತೊಡಗುತ್ತದೆ, ಹಾಗಾಗಿ ಉರಿಯನ್ನು ಮೂರನೇ ಒಂದು ಪಾಲಿನಷ್ಟು ಕಡಿಮೆ ಮಾಡುತ್ತೇನೆ. ಕಡಿಮೆ ಮಾಡಿದ ಕೂಡಲೇ ಸಿಡಿತ ಪೂರ್ತಿ ನಿಂತುಹೋದರೆ ತಗ್ಗಿಸಿದ್ದು ಹೆಚ್ಚಾಯಿತೆಂದು ತಿಳಿದು ತುಸು ಏರಿಸಬೇಕು. ಸಿಡಿತ ಮೂರು ನಿಮಿಷ ದಾಟಿದರೂ ಅಲ್ಲೊಂದು ಇಲ್ಲೊಂದು ಮುಂದುವರಿಯುತ್ತಿದ್ದರೆ ಬೀಜಗಳಿಗೆ ಸಮನಾಗಿ ಶಾಖ ತಾಗಿಲ್ಲ, ಅಂದರೆ ಮಗುಚುವುದರಲ್ಲೇ ಕೊರತೆಯಿದೆ.

ಮಧ್ಯಮ ಹದಕ್ಕೆ ನಾನು ಬೀಜ ಇಳಿಸುವುದು ಸಿಡಿತ ಆರಂಭವಾದ ಎರಡು ನಿಮಿಷದ ಆಸುಪಾಸಿನಲ್ಲಿ, ಸದ್ದುಗಳ ನಡುವಿನ ಅಂತರ ಹಿಗ್ಗುತ್ತಾ ಬಂದಾಗ. ಇನ್ನೂ ಬಿಟ್ಟರೆ ಸ್ವಲ್ಪ ಹೊತ್ತಿನ ಮೌನದ ನಂತರ ಎರಡನೆಯ ಸಿಡಿತ ಬರುತ್ತದೆ. ಅದು ಮೊದಲಿನದಕ್ಕಿಂತ ಮೆಲುವಾದ, ವೇಗವಾದ, ಒತ್ತೊತ್ತಾದ ಚಿಟಪಟ ಸದ್ದು. ಜೊತೆಗೆ ನೀಲಿಛಾಯೆಯ ದಟ್ಟ ಹೊಗೆ ಏಳುತ್ತದೆ, ಮೈಮೇಲೆ ಎಣ್ಣೆ ಮಿನುಗತೊಡಗುತ್ತದೆ. ಗಾಢ ಕಹಿ ಬಯಸುವವರು ಅಲ್ಲಿಯವರೆಗೆ ಹೋಗಬಹುದು, ಆದರೆ ಬೀಜದ ಸ್ವಂತ ಹುಳಿ ಮತ್ತು ಸಿಹಿಯ ಬಹುಪಾಲು ಆ ಹಂತದಲ್ಲಿ ಕಳೆದುಹೋಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಕಬ್ಬಿಣ ತನ್ನ ಕಾವನ್ನು ಬಿಡದೆ ಇರುವುದರಿಂದ ಒಲೆ ಆರಿಸಿದರೆ ಹುರಿತ ನಿಲ್ಲುವುದಿಲ್ಲ. ಬೇಕಾದ ಹದಕ್ಕೆ ಹತ್ತು ಹದಿನೈದು ಸೆಕೆಂಡು ಮುಂಚೆಯೇ ಬೀಜವನ್ನು ಸ್ಟೀಲ್ ಜರಡಿಗೆ ಸುರಿದು, ಫ್ಯಾನಿನ ಎದುರು ಒಂದು ಜರಡಿಯಿಂದ ಇನ್ನೊಂದಕ್ಕೆ ಸುರಿಯುತ್ತಾ ನಾಲ್ಕು ನಿಮಿಷದೊಳಗೆ ಕೈಯಲ್ಲಿ ಹಿಡಿಯುವಷ್ಟು ತಣಿಸುತ್ತೇನೆ. ಉಳಿದ ಹೊಟ್ಟೂ ಆಗಲೇ ಹಾರಿಹೋಗುತ್ತದೆ.

ತಣಿದ ಬೀಜವನ್ನು ನಾನು ತಪ್ಪದೆ ತೂಗುತ್ತೇನೆ. 150 ಗ್ರಾಂ ಹುರಿದ ಮೇಲೆ 127ರಿಂದ 129 ಗ್ರಾಂ ಉಳಿದರೆ ತೂಕದ ನಷ್ಟ ಸುಮಾರು ಶೇಕಡಾ 15 ಆಗುತ್ತದೆ, ಮಧ್ಯಮ ಹದಕ್ಕೆ ಇದು ಸರಿ. ಹೊರಮೈ ಸಾಕಷ್ಟು ಕಂದಾಗಿದ್ದೂ 133 ಗ್ರಾಂ ತೂಗಿದರೆ ಒಳಭಾಗ ಹುರಿದಿಲ್ಲವೆಂದು ಅನುಮಾನಿಸಬೇಕು. ಆಗ ಹತ್ತು ಬೀಜಗಳನ್ನು ಪುಡಿಮಾಡಿ, ಪುಡಿಯನ್ನು ಇಡೀ ಬೀಜಗಳ ಪಕ್ಕದಲ್ಲಿ ಬಿಳಿ ಕಾಗದದ ಮೇಲೆ ಹರಡಿ ನೋಡುತ್ತೇನೆ. ಪುಡಿ ತುಸು ತಿಳಿಯಾಗಿರುವುದು ಸಹಜ. ಎದ್ದುಕಾಣುವಷ್ಟು ತಿಳಿಯಾಗಿದ್ದರೆ ಕಾಫಿಯಲ್ಲಿ ಹುಲ್ಲಿನ ವಾಸನೆಯೂ ಒಗರೂ ಉಳಿಯುತ್ತವೆ. ಅಂಥ ಬೀಜವನ್ನು ಮತ್ತೆ ಹುರಿದು ಸರಿಪಡಿಸಲು ಆಗುವುದಿಲ್ಲ. ಮುಂದಿನ ಸಲ ಹಳದಿಯಾಗುವವರೆಗಿನ ಉರಿಯನ್ನು ತಗ್ಗಿಸಿ, ಆ ಹಂತಕ್ಕೆ ಒಂದು ನಿಮಿಷ ಹೆಚ್ಚು ಕೊಡುವುದೇ ಅದಕ್ಕೆ ಪರಿಹಾರ. ಹುರಿತ ಸರಿಯಾಗಿದ್ದರೆ ಬೀಜದಿಂದ ಹೊರಬರುವ ಇಂಗಾಲದ ಡೈಆಕ್ಸೈಡ್ ಹೋಗುವಂತೆ ಡಬ್ಬಿಯ ಮುಚ್ಚಳವನ್ನು ಬಿಗಿಯದೆ ಒಂದು ದಿನ ಇಟ್ಟು, ಮಾರನೆಯ ದಿನ ಬಿಗಿಮಾಡುತ್ತೇನೆ. ಪುಡಿಮಾಡಿ ಕುಡಿಯಲು ಮೂರನೆಯ ದಿನದವರೆಗೆ ಕಾಯುತ್ತೇನೆ.