ಮೂರನೇ ಸಂಪುಟದಲ್ಲಿ ಅಜ್ಜಿಯ ವಯಸ್ಸು ಎಷ್ಟು?

ಫ್ಯಾಂಟಸಿ ಸರಣಿ ಬರೆಯುವವರಿಗೆ ಮೊದಲ ಸಂಪುಟದಲ್ಲಿ ಲೆಕ್ಕ ತಪ್ಪುವುದು ಕಡಿಮೆ. ಎಲ್ಲವೂ ತಲೆಯಲ್ಲಿ ಹಸಿಯಾಗಿರುತ್ತದೆ. ತೊಂದರೆ ಶುರುವಾಗುವುದು ಎರಡು, ಮೂರನೇ ಸಂಪುಟದ ಹೊತ್ತಿಗೆ. ಅಷ್ಟರಲ್ಲಿ ಪಾತ್ರಗಳು ಜಾಸ್ತಿಯಾಗಿರುತ್ತವೆ, ಮೊದಲು ಬರೆದದ್ದು ಅಚ್ಚಾಗಿ ಓದುಗರ ಕೈ ಸೇರಿರುತ್ತದೆ. ಟಿ.ವಿ. ಧಾರಾವಾಹಿ ಬರೆಯುವವರು ಇಂಥ ಹೊತ್ತಿಗೆಂದೇ ಒಂದು ದಾಖಲೆ ಇಟ್ಟಿರುತ್ತಾರೆ. ಅದನ್ನು ಸರಣಿಯ ‘ಬೈಬಲ್’ ಅನ್ನುತ್ತಾರೆ. ನಾವಿಲ್ಲಿ ಕೈಪುಸ್ತಕ ಅನ್ನೋಣ.

ಉದಾಹರಣೆಗೆ ಚಿತ್ರದುರ್ಗದ ಗೆಳತಿಯೊಬ್ಬರ ಸರಣಿಯನ್ನೇ ತೆಗೆದುಕೊಳ್ಳುತ್ತೇನೆ. ಐದು ಸಂಪುಟದ ಯೋಜನೆ, ಎರಡು ಹೊರಬಂದಿವೆ, ಮೂರನೆಯದು ಕರಡಿನಲ್ಲಿದೆ. ನಮ್ಮ ಏಳು ಸುತ್ತಿನ ಕೋಟೆಯನ್ನು ನೋಡಿಕೊಂಡೇ ಕಟ್ಟಿದ ಕಲ್ಪನೆಯ ದುರ್ಗ ಅದು. ಅಲ್ಲಿ ಕೆಲವರಿಗೆ ಕಲ್ಲಿನ ಮಾತು ಕೇಳಿಸುತ್ತದೆ. ಬಂಡೆ ಮುಟ್ಟಿದರೆ ಹಿಂದೆ ಅಲ್ಲಿ ಆಡಿದ ಮಾತು ಕಿವಿಗೆ ಬೀಳುತ್ತದೆ. ಕಥಾನಾಯಕಿ ಮಲ್ಲವ್ವ ಅಂಥವಳು. ಕೈಪುಸ್ತಕ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಈ ಸರಣಿಯಲ್ಲಿ ಚೆನ್ನಾಗಿ ಕಾಣುತ್ತದೆ.

ಅಚ್ಚಾದದ್ದು ಬೇರೆ, ಅಂದುಕೊಂಡದ್ದು ಬೇರೆ

ಮೊದಲ ಕೆಲಸ ಎರಡು ಭಾಗ ಮಾಡಿಕೊಳ್ಳುವುದು. ಒಂದರಲ್ಲಿ ಅಚ್ಚಾದ ಪುಟಗಳಲ್ಲಿ ಇರುವುದು ಮಾತ್ರ. ಇನ್ನೊಂದರಲ್ಲಿ ನಿಮ್ಮ ತಲೆಯಲ್ಲಿ ಇರುವುದು. ಇವೆರಡನ್ನು ಬೆರೆಸಬೇಡಿ. ಅಚ್ಚಾದದ್ದಕ್ಕೆ ನೀವು ಬದ್ಧರು. ಅಂದುಕೊಂಡದ್ದನ್ನು ಯಾವಾಗ ಬೇಕಾದರೂ ಬದಲಿಸಬಹುದು.

ಮೊದಲ ಭಾಗಕ್ಕೆ ಬರೆದುಕೊಳ್ಳುವಾಗ ಸಾರಾಂಶ ಬೇಡ. ಪುಸ್ತಕದ ವಾಕ್ಯವನ್ನೇ ಇದ್ದ ಹಾಗೆ ಇಳಿಸಿ, ಪಕ್ಕದಲ್ಲಿ ಸಂಪುಟ, ಅಧ್ಯಾಯ ಹಾಕಿ. ಆ ಮಾತನ್ನು ಹೇಳಿದವರು ಯಾರು ಅನ್ನುವುದನ್ನೂ ಬರೆಯಿರಿ. ನಿರೂಪಕ ಹೇಳಿದ್ದು ಸತ್ಯವಾಗಿಯೇ ಇರಬೇಕು. ಪಾತ್ರ ಹೇಳಿದ್ದು ಸುಳ್ಳಾಗಿರಬಹುದು, ಅರ್ಧ ತಿಳಿದು ಆಡಿದ್ದಾಗಿರಬಹುದು. ವಾಕ್ಯ ಇದ್ದ ಹಾಗೆ ಯಾಕೆ ಬೇಕು ಅನ್ನುವುದಕ್ಕೆ ಅಜ್ಜಿ ತಿಪ್ಪವ್ವನ ಲೆಕ್ಕ ನೋಡಿ.

ವಯಸ್ಸಲ್ಲ, ಹುಟ್ಟಿದ ವರ್ಷ

ಪಾತ್ರದ ಹಾಳೆಯಲ್ಲಿ ವಯಸ್ಸು ಬರೆಯಲೇಬೇಡಿ. ಸಂಪುಟದಿಂದ ಸಂಪುಟಕ್ಕೆ ಅದು ಬದಲಾಗುತ್ತದೆ. ಕಥೆಯ ಲೋಕದ ಶಕೆಯಲ್ಲಿ ಹುಟ್ಟಿದ ವರ್ಷ ಬರೆಯಿರಿ. ಗೂಗಲ್ ಶೀಟ್ಸ್ ಅಥವಾ ಎಕ್ಸೆಲ್‌ನಲ್ಲಿ `B1` ಮನೆಯಲ್ಲಿ ಕಥೆ ನಡೆಯುವ ವರ್ಷ, `B3`ರಿಂದ ಕೆಳಗೆ ಒಬ್ಬೊಬ್ಬರ ಹುಟ್ಟಿದ ವರ್ಷ ಹಾಕಿ. `C3`ರಲ್ಲಿ ಇಷ್ಟು ಸಾಕು:

```
=$B$1-B3
```

ಇದನ್ನು ಕೆಳಗಿನ ಸಾಲುಗಳಿಗೂ ಎಳೆದುಬಿಟ್ಟರೆ ಆಯಿತು. `B1` ಬದಲಿಸಿದರೆ ಎಲ್ಲರ ವಯಸ್ಸೂ ಬದಲಾಗುತ್ತದೆ.

ಗೆಳತಿಯ ಮೊದಲ ಸಂಪುಟ ನಡೆಯುವುದು ದುರ್ಗದ 240ನೇ ವರ್ಷದಲ್ಲಿ. ತಿಪ್ಪವ್ವ ‘ಎಪ್ಪತ್ತು ದಾಟಿದವಳು’ ಅಂತ ಅಲ್ಲಿದೆ. ಮೂರನೇ ಸಂಪುಟದ ಕರಡಿನಲ್ಲಿ ಆಕೆ 182ನೇ ವರ್ಷದ ಮುತ್ತಿಗೆಯನ್ನು ನೆನೆಸಿಕೊಳ್ಳುತ್ತಾಳೆ. ಆಗ ಆಕೆ ಹದಿನೈದರ ಹುಡುಗಿ, ಮದುವೆ ಇನ್ನೂ ಆಗಿಲ್ಲ. ಅಂದರೆ ಹುಟ್ಟಿದ್ದು 167ರಲ್ಲಿ, 240ಕ್ಕೆ 73 ವರ್ಷ. ಸರಿಹೋಯಿತು.

ಆಕೆಯ ಹಿರಿಮಗ ಓಬಣ್ಣ ಕೋಟೆಯ ಸೇನಾಪತಿ. 241ರಲ್ಲಿ ನಡೆಯುವ ಎರಡನೇ ಸಂಪುಟದಲ್ಲಿ ಆತನಿಗೆ ಅರವತ್ತು ಅಂತ ಗೆಳತಿಯ ನೆನಪಿನಲ್ಲಿತ್ತು. ಹಾಗಿದ್ದರೆ ಓಬಣ್ಣ ಹುಟ್ಟಿದ್ದು 181ರಲ್ಲಿ. ಮುತ್ತಿಗೆಯ ವರ್ಷ ತಿಪ್ಪವ್ವನ ಕಂಕುಳಲ್ಲಿ ಒಂದು ವರ್ಷದ ಕೂಸಿರಬೇಕು. ಮದುವೆಯಾಗದ ಹುಡುಗಿಯ ಇಡೀ ಅಧ್ಯಾಯ ಕುಸಿದುಬೀಳುತ್ತದೆ.

ಆ ಅಧ್ಯಾಯವನ್ನು ಉಳಿಸಿದ್ದು ಇಳಿಸಿಕೊಂಡಿದ್ದ ವಾಕ್ಯ. ಅಚ್ಚಾಗಿದ್ದದ್ದು ‘ಅರವತ್ತರ ಹತ್ತಿರ ಬಂದಿದ್ದ ಓಬಣ್ಣ’ ಅಂತ. ಹತ್ತಿರ ಅಂದರೆ 56 ಆಗಬಹುದು. ಹುಟ್ಟಿದ್ದು 185ರಲ್ಲಿ, ಆಗ ತಾಯಿಗೆ 18. ಕೈಪುಸ್ತಕದಲ್ಲಿ ಬರೀ ‘ಓಬಣ್ಣ, 60’ ಅಂತ ಬರೆದುಕೊಂಡಿದ್ದರೆ ಇಲ್ಲದ ತಪ್ಪಿಗೆ ಒಂದು ಒಳ್ಳೆಯ ಅಧ್ಯಾಯ ಹರಿದುಹಾಕಬೇಕಾಗುತ್ತಿತ್ತು.

ನೀನು, ನೀವು

ಪಾತ್ರದ ಹಾಳೆಯಲ್ಲಿ ಕಣ್ಣಿನ ಬಣ್ಣ, ಗಾಯದ ಗುರುತು ಎಲ್ಲರೂ ಬರೆಯುತ್ತಾರೆ. ಕನ್ನಡದಲ್ಲಿ ಬರೆಯುವವರಿಗೆ ಅದಕ್ಕಿಂತ ಮುಖ್ಯವಾದ ಕಾಲಂ ಒಂದಿದೆ. ಯಾರು ಯಾರನ್ನು ಹೇಗೆ ಕರೆಯುತ್ತಾರೆ ಅನ್ನುವುದು. ಮಲ್ಲವ್ವ ಓಬಣ್ಣನಿಗೆ ‘ಮಾವ’, ‘ನೀವು’. ಓಬಣ್ಣ ಅವಳಿಗೆ ‘ಏನವ್ವಾ’, ‘ನೀನು’. ಬಡಗಣ ಸೀಮೆಯಿಂದ ಬಂದ ಕೆಂಚ ಎಲ್ಲರಿಗೂ ‘ರೀ’ ಹಚ್ಚುತ್ತಾನೆ, ‘ಬರ್ರಿ’ ಅನ್ನುತ್ತಾನೆ. ದುರ್ಗದವರು ‘ಬನ್ನಿ’ ಅನ್ನುತ್ತಾರೆ.

ಇದು ಬದಲಾಗುವ ಜಾಗವನ್ನೂ ಗುರುತು ಹಾಕಬೇಕು. ಎರಡನೇ ಸಂಪುಟದ 9ನೇ ಅಧ್ಯಾಯದ ಕೊನೆಯಲ್ಲಿ ಮಲ್ಲವ್ವ, ಕೆಂಚ ಮೊದಲ ಸಲ ಒಬ್ಬರಿಗೊಬ್ಬರು ‘ನೀನು’ ಅಂದುಕೊಳ್ಳುತ್ತಾರೆ. ಅಲ್ಲಿಂದಾಚೆ ‘ನೀವು’ ಬಂದರೆ ಅದಕ್ಕೊಂದು ಕಾರಣ ಇರಲೇಬೇಕು. ವರ್ಷ ಬಿಟ್ಟು ಮುಂದಿನ ಸಂಪುಟ ಶುರುಮಾಡುವಾಗ ಕೈ ತಾನಾಗಿಯೇ ಹಳೆಯ ‘ನೀವು’ ಕಡೆ ಹೋಗುತ್ತದೆ. ಇಬ್ಬರ ನಡುವೆ ಏನೋ ಮುನಿಸಾಗಿದೆ ಅಂದುಕೊಂಡು ಓದುಗರು ಪುಟ ತಿರುಗಿಸುತ್ತಾ ಹೋಗುತ್ತಾರೆ. ಇಂಗ್ಲಿಷಿನ ಮಾದರಿ ಹಾಳೆಗಳಲ್ಲಿ ಈ ಕಾಲಂ ಇರುವುದಿಲ್ಲ, ನೀವೇ ಸೇರಿಸಿಕೊಳ್ಳಿ.

ದಿನಕ್ಕೊಂದು ಸಂಖ್ಯೆ

ನಮ್ಮ ರೈತರು ವರ್ಷವನ್ನು ಮಳೆ ನಕ್ಷತ್ರಗಳಲ್ಲಿ ಎಣಿಸುತ್ತಾರಲ್ವಾ? 27 ನಕ್ಷತ್ರ, ಒಂದೊಂದಕ್ಕೆ 13–14 ದಿನ. ಗೆಳತಿ ಆ ಕಟ್ಟನ್ನೇ ತೆಗೆದುಕೊಂಡು ತನ್ನ ಲೋಕಕ್ಕೆ ಹೊಂದಿಸಿದರು. 27 ಮಳೆ, ಪ್ರತಿಯೊಂದಕ್ಕೂ ಸರಿಯಾಗಿ 13 ದಿನ. ಒಟ್ಟು 351. ಉಳಿದ 14 ದಿನ ವರ್ಷದ ಕೊನೆಗೆ ‘ಬಯಲು ದಿನ’. ಸೇರಿ 365.

ಹೆಸರು ಚೆನ್ನಾಗಿದ್ದರೂ ಲೆಕ್ಕಕ್ಕೆ ಇದು ಕಷ್ಟ. ಅದಕ್ಕೇ ಕೈಪುಸ್ತಕದಲ್ಲಿ ಪ್ರತಿ ತಾರೀಖಿನ ಪಕ್ಕ ವರ್ಷದ ದಿನಸಂಖ್ಯೆ ಹಾಕಬೇಕು. ಕಳೆದುಹೋದ ಮಳೆಗಳನ್ನು 13ರಿಂದ ಗುಣಿಸಿ, ಈ ಮಳೆಯ ದಿನ ಕೂಡಿದರೆ ಬಂತು.

ಮೂರನೇ ಸಂಪುಟದಲ್ಲಿ ಕೆಂಚ ಅಮಾವಾಸ್ಯೆಯ ರಾತ್ರಿ ಕೋಟೆ ಬಿಡುತ್ತಾನೆ. 6ನೇ ಮಳೆಯ 4ನೇ ದಿನ. ದಿನಸಂಖ್ಯೆ 69. ಕುರಿಗಾಹಿಗಳ ಜೊತೆ ಅಡಗಿದ್ದು, ಆಮೇಲೆ ಕೆರೆಯೂರಿಗೆ ನಡೆದು ಬರುತ್ತಾನೆ. 7ನೇ ಮಳೆಯ 9ನೇ ದಿನ, ಸಂಖ್ಯೆ 87. ‘ಸೂರ್ಯ ಮುಳುಗುತ್ತಿದ್ದ ಹಾಗೆ ಕೆರೆಯ ಆಚೆ ಹುಣ್ಣಿಮೆ ಚಂದ್ರ ಎದ್ದ’ ಅಂತ ಕರಡಿನಲ್ಲಿತ್ತು. 87ರಲ್ಲಿ 69 ಕಳೆದರೆ 18. ಅಮಾವಾಸ್ಯೆಯಿಂದ ಹುಣ್ಣಿಮೆಗೆ ಸುಮಾರು 15 ದಿನ. ಹುಣ್ಣಿಮೆ ಮುಗಿದು ಮೂರು ದಿನ ಆಗಿದೆ. ಚಂದ್ರ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಹುಟ್ಟುವುದರಿಂದ, ಆ ರಾತ್ರಿ ಅವನು ಬರುವುದು ಸೂರ್ಯ ಮುಳುಗಿ ಎರಡು–ಎರಡೂವರೆ ಗಂಟೆಯ ಮೇಲೆ.

ತಾರೀಖನ್ನು 7ನೇ ಮಳೆಯ 6ನೇ ದಿನಕ್ಕೆ ಎಳೆದಿದ್ದರೆ ಹುಣ್ಣಿಮೆ ಉಳಿಯುತ್ತಿತ್ತು. ಗೆಳತಿ ತಾರೀಖು ಮುಟ್ಟದೆ ಕತ್ತಲೆಯನ್ನೇ ಇಟ್ಟುಕೊಂಡರು. ಆ ಎರಡು ಗಂಟೆಯಲ್ಲಿ ಕೆಂಚ ತೂಬಿನ ಹತ್ತಿರ ಅಡಗಿ ಕೂರುತ್ತಾನೆ, ಚಂದ್ರ ಹುಟ್ಟುವುದರೊಳಗೆ ದಾಟಬೇಕು. ದೃಶ್ಯಕ್ಕೆ ಮೊದಲಿಲ್ಲದ ಬಿಗಿ ಬಂತು.

ದೂರಕ್ಕೂ ಒಂದು ಅಳತೆ ಕಣ್ಣಮುಂದೆ ಇರಲಿ. ಚಿತ್ರದುರ್ಗದಿಂದ ದಾವಣಗೆರೆಗೆ ಸುಮಾರು 60 ಕಿ.ಮೀ. ಗಟ್ಟಿ ಮನುಷ್ಯ ದಿನಕ್ಕೆ 30 ಕಿ.ಮೀ. ನಡೆದರೆ ಎರಡು ದಿನ. ಎರೆ ಹೊಲದ ದಾರಿ, ಮಳೆಗಾಲ, ಜೊತೆಗೆ ಗಾಡಿ ಅಂದರೆ ಅದರ ಎರಡರಷ್ಟು ಹಿಡಿಯಿರಿ.

ನಿಯಮಕ್ಕಿಂತ ಬಳಕೆಯ ಪಟ್ಟಿ ಮುಖ್ಯ

ಕಲ್ಪಿಸಿದ ನಿಯಮಗಳನ್ನು ಬರೆದಿಡುವುದು ಸುಲಭ. ಅವು ಎಲ್ಲೆಲ್ಲಿ ಬಳಕೆಯಾದವು ಅನ್ನುವ ಪಟ್ಟಿ ಇಡುವವರು ಕಡಿಮೆ. ನನ್ನ ಪ್ರಕಾರ ಕೈಪುಸ್ತಕದ ಜೀವ ಇರುವುದೇ ಆ ಪಟ್ಟಿಯಲ್ಲಿ. ಎಲ್ಲಿ, ಯಾರು, ಯಾವ ಕಲ್ಲು, ಏನು ಕೇಳಿಸಿತು, ಬೆಲೆ ಏನು ತೆತ್ತರು. ಐದು ಕಾಲಂ.

ಬೆಲೆಯ ಕಾಲಂ ಏನು ಮಾಡುತ್ತದೆ ನೋಡಿ. ಈ ಲೋಕದಲ್ಲಿ ಒಂದು ಸಲ ಕಲ್ಲಿನ ಮಾತು ಕೇಳಿದರೆ ತನ್ನದೊಂದು ನೆನಪು ಅಳಿಸಿಹೋಗುತ್ತದೆ. ಮೊದಲ ಸಂಪುಟದ 12ನೇ ಅಧ್ಯಾಯದಲ್ಲಿ ಮಲ್ಲವ್ವ ಅವ್ವನ ದನಿ ಕಳೆದುಕೊಂಡಳು. ಮೂರನೇ ಸಂಪುಟದ ಕರಡಿನಲ್ಲಿ ಅವಳು ಅವ್ವ ಹಾಡುತ್ತಿದ್ದ ಜೋಗುಳವನ್ನು ಅದೇ ದನಿಯಲ್ಲಿ ನೆನೆಸಿಕೊಂಡು ಅಳುತ್ತಾಳೆ. ಪಟ್ಟಿ ತೆಗೆದಾಗ ಸಿಕ್ಕಿತು. ಈಗ ಅವಳಿಗೆ ಜೋಗುಳದ ಮಾತುಗಳು ನೆನಪಿವೆ, ಹಾಡಿದ ದನಿ ಇಲ್ಲ.

ಮಿತಿಯ ವಿಷಯ ಇನ್ನೂ ಸೂಕ್ಷ್ಮ. ‘ನೀರು ಮುಟ್ಟಿದ ಕಲ್ಲು ಮಾತಾಡಲ್ಲ’ ಅಂತ ತಿಪ್ಪವ್ವ ಮೊದಲ ಸಂಪುಟದಲ್ಲಿ ಹೇಳಿದ್ದಾಳೆ. ಮೂರನೆಯದರಲ್ಲಿ ಮಲ್ಲವ್ವ ಹೊಂಡದ ಮೆಟ್ಟಿಲಿನಿಂದ ಒಂದು ಗುಟ್ಟು ಕೇಳಬೇಕು. ಆ ಮಾತಿಗೆ ಎರಡು ಅರ್ಥ ಸಾಧ್ಯ. ಒಮ್ಮೆ ನೆನೆದ ಕಲ್ಲು ಎಂದೆಂದಿಗೂ ಮೂಗ, ಅಥವಾ ಹಸಿ ಇರುವಷ್ಟು ಹೊತ್ತು ಮಾತ್ರ ಮೂಗ. ಆರಿಸುವ ಮೊದಲು ಎರಡನ್ನೂ ಕೊನೆತನಕ ಎಳೆದು ನೋಡಬೇಕು. ಮೊದಲ ಅರ್ಥ ಹಿಡಿದರೆ, ಬಯಲಲ್ಲಿರುವ ಯಾವ ಕಲ್ಲಿಗೆ ಮಳೆ ಬಿದ್ದಿಲ್ಲ? ಇಡೀ ಕೋಟೆಯೇ ಮೂಗ. ಹಾಗಾಗಿ ಎರಡನೆಯದೇ ಗತಿ. ಆಮೇಲೆ ಬಳಕೆಯ ಪಟ್ಟಿಯಲ್ಲಿ ಹಸಿ ಕಲ್ಲು ಮಾತಾಡಿದ ಪ್ರಸಂಗ ಇದೆಯಾ ಅಂತ ನೋಡಿದರು. ಇರಲಿಲ್ಲ. ಹೊಂಡದ ದೃಶ್ಯ ಬೇಸಿಗೆಗೆ ಹೋಯಿತು, ನೀರು ಇಳಿದು ಮೇಲಿನ ಮೆಟ್ಟಿಲು ಒಣಗಿದ ಮೇಲೆ. ಕೆಳಗಿನ ಮೆಟ್ಟಿಲಿನ ಗುಟ್ಟು ನಾಲ್ಕನೇ ಸಂಪುಟಕ್ಕೆ ಉಳಿಯಿತು.

ಅಚ್ಚಾಗಿಹೋಗಿದ್ದರೆ

ಎರಡು ಅಚ್ಚಾದ ವಾಕ್ಯಗಳೇ ಹೊಡೆದಾಡಿದರೆ ದಾರಿ ಕಡಿಮೆ. 1937ರಲ್ಲಿ ಬಂದ ‘ದಿ ಹಾಬಿಟ್’ನಲ್ಲಿ ಉಂಗುರ ಸಿಕ್ಕ ಬಗೆ, ಟೋಲ್ಕಿನ್ ಆಮೇಲೆ ಬರೆದ ದೊಡ್ಡ ಕಥೆಗೆ ಹೊಂದಲಿಲ್ಲ. 1951ರ ಆವೃತ್ತಿಯಲ್ಲಿ ಅವರು ಆ ಅಧ್ಯಾಯವನ್ನು ತಿದ್ದಿದರು. ಹಳೆಯ ರೂಪ ಬಿಲ್ಬೋ ಹೇಳಿದ ಸುಳ್ಳು ಅಂತ ಕಥೆಯೊಳಗೇ ಸೇರಿಸಿದರು. ಆ ಸುಳ್ಳು ಉಂಗುರದ ಕೆಟ್ಟತನಕ್ಕೆ ಹೊಂದುವುದರಿಂದ ಅದು ನಿಲ್ಲುತ್ತದೆ. ಪಾತ್ರಕ್ಕೆ ಸುಳ್ಳು ಹೇಳಲು ಕಾರಣ ಇಲ್ಲದಿದ್ದರೆ ಈ ದಾರಿ ಹಿಡಿಯಬೇಡಿ, ಮರುಮುದ್ರಣದಲ್ಲಿ ನೇರವಾಗಿ ತಿದ್ದಿ.

ಹುಡುಕಲು ಬರುವಂತಿರಲಿ

ನೋಟ್‌ಬುಕ್ ಆದರೂ ಸರಿ, ಕಂಪ್ಯೂಟರ್ ಆದರೂ ಸರಿ. ಆದರೆ ಕಾದಂಬರಿಯ ಪಠ್ಯ ಮಾತ್ರ ಯೂನಿಕೋಡ್‌ನಲ್ಲಿರಲಿ. ನುಡಿಯ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ ಕಡತದಲ್ಲಿ `Ctrl+F` ಒತ್ತಿ ಯೂನಿಕೋಡ್‌ನಲ್ಲಿ ‘ಓಬಣ್ಣ’ ಅಂತ ಹುಡುಕಿದರೆ ಒಂದೂ ಸಿಗುವುದಿಲ್ಲ. ಮೊದಲು ಪರಿವರ್ತಕದಲ್ಲಿ ಬದಲಿಸಿಕೊಳ್ಳಿ, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ. ಹೆಸರು ಹುಡುಕುವಾಗ ಕೊನೆಯ ಅಕ್ಷರ ಬಿಡಿ. ‘ಕೆರೆಯೂರು’ ಅಂದರೆ ‘ಕೆರೆಯೂರಿಗೆ’, ‘ಕೆರೆಯೂರಲ್ಲಿ’ ತಪ್ಪಿಹೋಗುತ್ತವೆ. ‘ಕೆರೆಯೂ’ ಅಂತ ಹಾಕಿದರೆ ಎಲ್ಲವೂ ಬರುತ್ತವೆ.

ಒಂದು ಅಧ್ಯಾಯ ಮುಗಿದ ಕೂಡಲೇ, ಮುಂದಿನದನ್ನು ಶುರುಮಾಡುವ ಮೊದಲು, ಹೊಸ ತಾರೀಖು, ಹೊಸ ಹೆಸರು, ಕಲ್ಲಿನ ಬಳಕೆ ಇಷ್ಟನ್ನು ಕರಡು ಅನ್ನುವ ಗುರುತಿನೊಂದಿಗೆ ಸೇರಿಸಿ. ಪುಸ್ತಕ ಅಚ್ಚಿಗೆ ಹೋದ ದಿನ ಆ ಗುರುತು ತೆಗೆದು ಮೊದಲ ಭಾಗಕ್ಕೆ ದಾಟಿಸಿ. ಸಂಪಾದಕರು ಕೊನೇ ಗಳಿಗೆಯಲ್ಲಿ ಏನಾದರೂ ಬದಲಿಸಿರಬಹುದು, ಹಾಗಾಗಿ ದಾಟಿಸುವಾಗ ನಿಮ್ಮ ಕಡತ ಬೇಡ, ಅಂತಿಮ ಪ್ರೂಫ್ ನೋಡಿಕೊಂಡೇ ಇಳಿಸಿ.